ಭೂಸಂಪರ್ಕವಿರುವ ವಾಹಕ ಫಲಕದ ಮುಂದೆ ಒಂದು ಬಿಂದು ಆವೇಶ: ಬಿಂಬ ವಿಧಾನವನ್ನು ತಪ್ಪಿಲ್ಲದೆ ಬಳಸುವ ಕ್ರಮ

ಬಿ.ಎಸ್ಸಿ. ಉತ್ತರಪತ್ರಿಕೆಗಳನ್ನು ತಿದ್ದುವಾಗ ಈ ಲೆಕ್ಕದಲ್ಲಿ ನಾನು ಮತ್ತೆ ಮತ್ತೆ ಕಾಣುವುದು ಒಂದೇ ಬಗೆಯ ಪುಟ. ಚಿತ್ರ ಸರಿಯಾಗಿರುತ್ತದೆ, ಫಲಕದ ಆಚೆ −q ಇರಬೇಕಾದಲ್ಲೇ ಇರುತ್ತದೆ, ವಿಭವದ ಸೂತ್ರವೂ ಬಲದ ಸೂತ್ರವೂ ತಪ್ಪಿರುವುದಿಲ್ಲ. ಆದರೆ ಕೊನೆಗೆ ಬರೆದ ಶಕ್ತಿಯ ಬೆಲೆ ಮಾತ್ರ ಬರಬೇಕಾದದ್ದರ ಎರಡರಷ್ಟಾಗಿರುತ್ತದೆ. ಮತ್ತೊಂದು ಪತ್ರಿಕೆಯಲ್ಲಿ ಫಲಕದ ಹಿಂಬದಿಯಲ್ಲಿ, ಲೋಹದ ಒಳಗೇ, ಸಾವಿರಾರು ವೋಲ್ಟ್ ವಿಭವ ಕಾಣಿಸಿಕೊಳ್ಳುತ್ತದೆ. ಇನ್ನೊಂದರಲ್ಲಿ ಧನ ಆವೇಶದ ಎದುರಿಗೆ ಧನ ಆವೇಶವೇ ಪ್ರೇರಿತವಾಗಿರುತ್ತದೆ.

ಮೂರೂ ಬೇರೆ ಬೇರೆ ತಪ್ಪುಗಳೆಂದು ತೋರುತ್ತವೆ. ನನ್ನ ಅನುಭವದಲ್ಲಿ ಅವುಗಳ ಬೇರು ಒಂದೇ: ಬಿಂಬ ಆವೇಶವನ್ನು ಇಟ್ಟ ಮರುಕ್ಷಣವೇ ವಿದ್ಯಾರ್ಥಿಯು ಫಲಕವನ್ನು ಮರೆತು, ತನ್ನ ಮುಂದೆ ಎರಡು ನಿಜವಾದ ಆವೇಶಗಳಿವೆ ಎಂದು ನಂಬಿಬಿಡುತ್ತಾನೆ. ಬಿಂಬವು ಅರ್ಧ ಜಾಗದ ಉತ್ತರವನ್ನು ಬರೆಯಲು ನಾವು ಮಾಡಿಕೊಂಡ ಏರ್ಪಾಡು. ಉಳಿದ ಅರ್ಧದ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಕೆಳಗಿನ ಹಂತಗಳ ಕ್ರಮವನ್ನು ಈ ಒಂದು ಸಂಗತಿ ಕೈತಪ್ಪದಂತೆ ಜೋಡಿಸಿದ್ದೇನೆ. ಆದ್ದರಿಂದ ಮೊದಲ ಎರಡು ಹಂತಗಳನ್ನು ಹಾರಿಸಿ ಮೂರನೆಯದಕ್ಕೆ ಹೋಗಬೇಡಿ.

## ಮೊದಲೇ ಸಿದ್ಧವಿರಬೇಕಾದವು

ಕೂಲಂಬ್ ನಿಯಮದಿಂದ ಬಿಂದು ಆವೇಶದ ವಿಭವವನ್ನು ಬರೆಯುವುದು, ಆಂಶಿಕ ನಿಷ್ಪನ್ನ ತೆಗೆಯುವುದು ಮತ್ತು ವೃತ್ತಾಕಾರದ ಪಟ್ಟಿಗಳ ಮೇಲೆ ಅನುಕಲನ ಮಾಡುವುದು, ಇಷ್ಟು ಗೊತ್ತಿದ್ದರೆ ಸಾಕು. ಜೊತೆಗೆ ಒಂದು ಹಾಳೆ, ಅಳತೆಪಟ್ಟಿ ಮತ್ತು ಎರಡು ಬಣ್ಣದ ಪೆನ್ನುಗಳನ್ನು ಇಟ್ಟುಕೊಳ್ಳಿ. ನಿಜವಾಗಿ ಇರುವುದನ್ನು ಒಂದು ಬಣ್ಣದಲ್ಲಿ, ನಾವು ಕಲ್ಪಿಸಿಕೊಂಡದ್ದನ್ನು ಇನ್ನೊಂದು ಬಣ್ಣದಲ್ಲಿ ಬರೆಯಬೇಕು. ಎರಡನೆಯ ಪೆನ್ನು ಅಲಂಕಾರಕ್ಕೆ ಎಂದುಕೊಳ್ಳಬೇಡಿ. ಎಂಟನೆಯ ಹಂತದಲ್ಲಿ ಅದು ನಿಮ್ಮ ಉತ್ತರವನ್ನು ಉಳಿಸುತ್ತದೆ.

ಉದ್ದಕ್ಕೂ ಒಂದೇ ಉದಾಹರಣೆಯನ್ನು ಹಿಡಿದು ಸಾಗೋಣ. ಅಪರಿಮಿತವಾಗಿ ಹರಡಿರುವ ವಾಹಕ ಫಲಕವು z = 0 ಸಮತಲದಲ್ಲಿದೆ ಮತ್ತು ಅದಕ್ಕೆ ಭೂಸಂಪರ್ಕವಿದೆ. ಅದರ ಮೇಲೆ d = 5 ಸೆಂ.ಮೀ. ಎತ್ತರದಲ್ಲಿ q = +10 ನ್ಯಾನೊಕೂಲಮ್ ಆವೇಶವಿದೆ. ಸೂತ್ರಗಳಲ್ಲಿ 1/(4πε₀) ಎಂಬುದನ್ನು k ಎಂದು ಬರೆಯುತ್ತೇನೆ. ಅದರ ಬೆಲೆ 8.99 × 10⁹ N·m²/C². ಹೀಗಾಗಿ kq = 89.9 V·m. ಈ ಸಂಖ್ಯೆಯನ್ನು ಹಾಳೆಯ ಮೂಲೆಯಲ್ಲಿ ಬರೆದಿಟ್ಟುಕೊಂಡರೆ ಮುಂದಿನ ಲೆಕ್ಕಗಳು ಬಾಯಲ್ಲೇ ಆಗುತ್ತವೆ.

## ಹಂತ 1: ಜಾಗವನ್ನು ಎರಡಾಗಿ ಒಡೆಯಿರಿ

ಫಲಕವನ್ನು ಒಂದು ಅಡ್ಡ ಗೆರೆಯಾಗಿ ಎಳೆಯಿರಿ. ಆವೇಶವಿರುವ ಬದಿಗೆ, ಅಂದರೆ z > 0 ಇರುವ ಕಡೆಗೆ, "ನಮ್ಮ ಬದಿ" ಎಂದು ಬರೆಯಿರಿ. ಕೆಳಗಿನ ಬದಿಗೆ ಅಲ್ಲಿಯೇ, ಈಗಲೇ, "V = 0" ಎಂದು ಬರೆದು ಮುಗಿಸಿ. ಭೂಸಂಪರ್ಕವಿರುವ ಲೋಹದ ಒಳಗೆ ವಿಭವ ಸೊನ್ನೆ. ಫಲಕ ತೆಳುವಾಗಿದ್ದು ಅದರ ಆಚೆ ಖಾಲಿ ಜಾಗವಿದ್ದರೂ, ಅಲ್ಲಿ ಬೇರಾವ ಆವೇಶವೂ ಇಲ್ಲದಿರುವುದರಿಂದ ಅಲ್ಲಿಯೂ ಸೊನ್ನೆಯೇ. ಕೆಳಗಿನ ಅರ್ಧದ ಲೆಕ್ಕ ಇಲ್ಲಿಗೆ ಮುಗಿಯಿತು. ಮುಂದೆ ಬಿಂಬವನ್ನು ಅದೇ ಜಾಗದಲ್ಲಿ ಇಟ್ಟಾಗಲೂ ಈ ಸಾಲು ಬದಲಾಗುವುದಿಲ್ಲ.

ಭೂಸಂಪರ್ಕ ಎಂಬ ಮಾತಿಗೆ ಇಲ್ಲಿ ಒಂದೇ ಅರ್ಥ: ಫಲಕದ ವಿಭವವು ಅನಂತ ದೂರದ ವಿಭವಕ್ಕೆ ಸಮ, ಮತ್ತು ಅದನ್ನು ಹಾಗೆಯೇ ಉಳಿಸಲು ಎಷ್ಟು ಆವೇಶ ಬೇಕೋ ಅಷ್ಟು ತಂತಿಯ ಮೂಲಕ ಬಂದು ಹೋಗಬಹುದು. ಫಲಕದ ಮೇಲೆ ಆವೇಶವೇ ಇಲ್ಲ ಎಂಬ ಅರ್ಥ ಅದಕ್ಕಿಲ್ಲ. ವಿಭವ ಸೊನ್ನೆಯಾಗಿರುವುದಕ್ಕೂ ಆವೇಶ ಸೊನ್ನೆಯಾಗಿರುವುದಕ್ಕೂ ಇರುವ ವ್ಯತ್ಯಾಸ ಇಲ್ಲೇ ಮನಸ್ಸಿನಲ್ಲಿ ನಿಲ್ಲದಿದ್ದರೆ ಐದನೆಯ ಹಂತದಲ್ಲಿ ಗೊಂದಲವಾಗುತ್ತದೆ.

## ಹಂತ 2: ನಮ್ಮ ಬದಿಯ ಷರತ್ತುಗಳನ್ನು ಬರೆಯಿರಿ

ನಮ್ಮ ಬದಿಯಲ್ಲಿ ವಿಭವವು ಮೂರು ಷರತ್ತುಗಳಿಗೆ ಒಳಪಡಬೇಕು:

1. (0, 0, d) ಬಿಂದುವಿನಲ್ಲಿ q ಇದೆ, z > 0 ಇರುವ ಬೇರೆಲ್ಲೂ ಆವೇಶವಿಲ್ಲ.
2. z = 0 ಸಮತಲದ ಪ್ರತಿಯೊಂದು ಬಿಂದುವಿನಲ್ಲೂ V = 0.
3. ಆವೇಶದಿಂದ ಬಹಳ ದೂರ ಹೋದಂತೆ V ಸೊನ್ನೆಯತ್ತ ಸಾಗುತ್ತದೆ.

ಈ ಮೂರನ್ನೂ ಪೂರೈಸುವ ವಿಭವ ಒಂದೇ ಒಂದು ಇರಬಲ್ಲದು. ಅದು ಏಕೆಂದು ಎರಡು ಮಾತಿನಲ್ಲಿ ನೋಡಬಹುದು. ಅಂತಹ ಎರಡು ವಿಭವಗಳಿವೆ ಎಂದುಕೊಂಡು ಅವುಗಳ ವ್ಯತ್ಯಾಸವನ್ನು ತೆಗೆದರೆ, ಆ ವ್ಯತ್ಯಾಸಕ್ಕೆ ನಮ್ಮ ಬದಿಯಲ್ಲಿ ಯಾವ ಆವೇಶವೂ ಮೂಲವಾಗಿ ಉಳಿಯುವುದಿಲ್ಲ, ಎಲ್ಲೆಗಳಲ್ಲೆಲ್ಲ ಅದು ಸೊನ್ನೆ. ಆವೇಶವಿಲ್ಲದ ಜಾಗದಲ್ಲಿ ಲ್ಯಾಪ್ಲಾಸ್ ಸಮೀಕರಣವನ್ನು ಪಾಲಿಸುವ ವಿಭವಕ್ಕೆ ಒಳಗೆಲ್ಲೂ ಶಿಖರವೂ ಇರಲಾರದು, ತಗ್ಗೂ ಇರಲಾರದು. ಆದ್ದರಿಂದ ಎಲ್ಲೆಯಲ್ಲಿ ಸೊನ್ನೆಯಾದದ್ದು ಒಳಗೂ ಸೊನ್ನೆಯೇ. ಅಂದರೆ ಎರಡೂ ವಿಭವಗಳು ಒಂದೇ.

ಇದರ ಫಲ ದೊಡ್ಡದು. ಮೂರು ಷರತ್ತುಗಳಿಗೆ ಹೊಂದುವ ಸೂತ್ರವೊಂದನ್ನು ನೀವು ಊಹಿಸಿ ತಂದರೂ, ಯಾರ ಟಿಪ್ಪಣಿಯಿಂದ ಎತ್ತಿಕೊಂಡರೂ, ಅದೇ ಉತ್ತರ. ಷರತ್ತುಗಳು z > 0 ಬದಿಯ ಬಗ್ಗೆ ಮಾತ್ರ ಇರುವುದರಿಂದ ಕೆಳಗಿನ ಬದಿಯಲ್ಲಿ ಏನನ್ನು ಬೇಕಾದರೂ ಕಲ್ಪಿಸಿಕೊಳ್ಳುವ ಸ್ವಾತಂತ್ರ್ಯ ನಮಗೆ ಸಿಕ್ಕಿತು. ಬಿಂಬ ವಿಧಾನವು ಬಳಸಿಕೊಳ್ಳುವುದು ಈ ಸ್ವಾತಂತ್ರ್ಯವನ್ನೇ.

## ಹಂತ 3: ಬಿಂಬವನ್ನು ಇಡಿ

ಎರಡನೆಯ ಬಣ್ಣದ ಪೆನ್ನಿನಿಂದ (0, 0, −d) ಬಿಂದುವಿನಲ್ಲಿ −q ಬರೆಯಿರಿ. ಈ ಚಿತ್ರದಲ್ಲಿ ಫಲಕವಿಲ್ಲ. ಎರಡು ಆವೇಶಗಳು ಮಾತ್ರ ಇವೆ. z = 0 ಸಮತಲದ ಯಾವುದೇ ಬಿಂದುವಿಗೆ ಎರಡೂ ಆವೇಶಗಳು ಸಮಾನ ದೂರದಲ್ಲಿರುವುದರಿಂದ ಅಲ್ಲಿ ಅವುಗಳ ವಿಭವಗಳು ಪರಸ್ಪರ ಕಳೆದುಹೋಗುತ್ತವೆ. ಅಳತೆಪಟ್ಟಿಯಿಂದ ಬಿಂಬದ ದೂರವು ಫಲಕದಿಂದ d ಎಂದೂ ಆವೇಶದಿಂದ 2d ಎಂದೂ ಚಿತ್ರದಲ್ಲೇ ಗುರುತು ಮಾಡಿ.

ಬಿಂಬವು ನಮ್ಮ ಬದಿಯಲ್ಲಿ ಎಂದೂ ಬೀಳಬಾರದು. ಅಲ್ಲಿ ಬಿದ್ದರೆ ಮೊದಲ ಷರತ್ತು ಮುರಿಯುತ್ತದೆ, ಏಕೆಂದರೆ ಆ ಜಾಗದಲ್ಲಿ ಇಲ್ಲದ ಆವೇಶವನ್ನು ನಾವು ಸೇರಿಸಿದಂತಾಗುತ್ತದೆ.

## ಹಂತ 4: ವಿಭವವನ್ನು ಬರೆದು, ಸಂಖ್ಯೆ ಹಾಕಿ ಪರೀಕ್ಷಿಸಿ

z ≥ 0 ಆಗಿರುವಾಗ,

V = kq [ 1/√(s² + (z − d)²) − 1/√(s² + (z + d)²) ]

ಇಲ್ಲಿ s² = x² + y²; ಅಂದರೆ s ಎಂಬುದು ಆವೇಶದ ನೇರ ಕೆಳಗಿರುವ ಬಿಂದುವಿನಿಂದ ಫಲಕದುದ್ದಕ್ಕೂ ಅಳೆದ ದೂರ. ಸೂತ್ರದ ಪಕ್ಕದಲ್ಲಿ "z ≥ 0 ಆದಾಗ ಮಾತ್ರ" ಎಂದು ಬರೆಯುವುದನ್ನು ಬಿಡಬೇಡಿ. ನಾನು ಈ ಮಾತಿಲ್ಲದ ಸೂತ್ರಕ್ಕೆ ಪೂರ್ತಿ ಅಂಕ ಕೊಡುವುದಿಲ್ಲ, ಏಕೆಂದರೆ ಆ ಮಾತಿಲ್ಲದಿದ್ದರೆ ಅದು ಬೇರೆಯೇ ಸಮಸ್ಯೆಯ ಉತ್ತರ.

ಈಗ ಮೂರು ಬಿಂದುಗಳಲ್ಲಿ ಬೆಲೆ ಹಾಕಿ ನೋಡಿ. ಫಲಕದ ಮೇಲೆ s = 12 ಸೆಂ.ಮೀ. ಇರುವ ಬಿಂದುವನ್ನು ಆರಿಸಿಕೊಂಡರೆ ದೂರಗಳು ಸುಲಭವಾಗಿ ಸಿಗುತ್ತವೆ: 5, 12, 13ರ ಲಂಬಕೋನ ತ್ರಿಭುಜದಿಂದಾಗಿ ಆವೇಶವೂ ಬಿಂಬವೂ ಅಲ್ಲಿಂದ ತಲಾ 13 ಸೆಂ.ಮೀ. ದೂರದಲ್ಲಿವೆ. ಆವೇಶದಿಂದ 89.9/0.13 = 692 ವೋಲ್ಟ್, ಬಿಂಬದಿಂದ −692 ವೋಲ್ಟ್, ಒಟ್ಟು ಸೊನ್ನೆ. ಎರಡನೆಯ ಷರತ್ತು ಸರಿಹೋಯಿತು.

ಎರಡನೆಯ ಬಿಂದು ಆವೇಶಕ್ಕೂ ಫಲಕಕ್ಕೂ ನಡುವೆ, z = 2.5 ಸೆಂ.ಮೀ. ಇರಲಿ. ಆವೇಶ 2.5 ಸೆಂ.ಮೀ. ದೂರದಲ್ಲಿದೆ, ಬಿಂಬ 7.5 ಸೆಂ.ಮೀ. ದೂರದಲ್ಲಿದೆ. 89.9 × (40 − 13.33) ಎಂದರೆ ಸುಮಾರು 2,400 ವೋಲ್ಟ್. ಫಲಕವಿಲ್ಲದಿದ್ದರೆ ಇದೇ ಬಿಂದುವಿನಲ್ಲಿ ಸುಮಾರು 3,600 ವೋಲ್ಟ್ ಇರುತ್ತಿತ್ತು. ಫಲಕವು ವಿಭವವನ್ನು ಇಳಿಸಿದೆ, ಆದರೆ ಅದರ ಚಿಹ್ನೆಯನ್ನು ಬದಲಿಸಿಲ್ಲ. ಧನ ಆವೇಶವಿರುವಾಗ ನಮ್ಮ ಬದಿಯಲ್ಲಿ ಎಲ್ಲಿಯಾದರೂ ಋಣ ವಿಭವ ಬಂದರೆ ಸೂತ್ರದಲ್ಲಿ z − d ಮತ್ತು z + d ಅದಲುಬದಲಾಗಿವೆ ಎಂದು ತಿಳಿಯಿರಿ.

ಮೂರನೆಯ ಬಿಂದುವನ್ನು ಬೇಕೆಂದೇ ತಪ್ಪು ಜಾಗದಲ್ಲಿ ಇಡೋಣ: z = −2.5 ಸೆಂ.ಮೀ. ಸೂತ್ರವು ಹಿಂಜರಿಯದೆ −2,400 ವೋಲ್ಟ್ ಎಂದು ಉತ್ತರ ಕೊಡುತ್ತದೆ, ಮೊದಲ ಹಂತದಲ್ಲಿ ನಾವು ಬರೆದದ್ದು ಸೊನ್ನೆ. ಸರಿಯಾದದ್ದು ಸೊನ್ನೆಯೇ. ಸೂತ್ರಕ್ಕೆ ತನ್ನ ಗಡಿ ತಿಳಿಯದು. ಅದನ್ನು ಕಾಯಬೇಕಾದವರು ನಾವು.

## ಹಂತ 5: ಪ್ರೇರಿತ ಆವೇಶದ ಸಾಂದ್ರತೆಯನ್ನು ಪಡೆಯಿರಿ

ವಾಹಕದ ಮೇಲ್ಮೈಯಲ್ಲಿ ಆವೇಶ ಸಾಂದ್ರತೆ σ = −ε₀ ∂V/∂n. ಇಲ್ಲಿ n ಎಂಬ ದಿಕ್ಕು ವಾಹಕದಿಂದ ಹೊರಕ್ಕೆ, ನಮ್ಮ ಬದಿಯ ಕಡೆಗೆ ಇರಬೇಕು. ನಮ್ಮ ಚಿತ್ರದಲ್ಲಿ ಅದು +z. ಚಿಹ್ನೆ ತಪ್ಪುವುದು ಇಲ್ಲೇ. ಜಾಗವೊಂದನ್ನು ಸುತ್ತುವರಿದ ಎಲ್ಲೆಯಿಂದ ಹೊರಕ್ಕೆ ಲಂಬವನ್ನು ಎಳೆಯುವ ಅಭ್ಯಾಸ ಇರುವವರು ನಮ್ಮ ಬದಿಯಿಂದ ಹೊರಕ್ಕೆ, ಅಂದರೆ ಲೋಹದ ಒಳಕ್ಕೆ, n ಅನ್ನು ಎಳೆದುಬಿಡುತ್ತಾರೆ. ಆಗ ಧನ ಆವೇಶದ ಎದುರು ಧನ ಆವೇಶ ಹುಟ್ಟುತ್ತದೆ.

ಮೊದಲು z ಬಗ್ಗೆ ನಿಷ್ಪನ್ನವನ್ನು ತೆಗೆಯಿರಿ, ಆಮೇಲೆ z = 0 ಹಾಕಿ. ಈ ಕ್ರಮ ತಿರುವುಮುರುವಾದರೆ V ಅಲ್ಲಿಯೇ ಸೊನ್ನೆಯಾಗಿ, σ ಕೂಡ ಸೊನ್ನೆ ಎಂಬ ವಿಚಿತ್ರ ಉತ್ತರ ಬರುತ್ತದೆ. ಅದನ್ನೂ ನಾನು ಪತ್ರಿಕೆಗಳಲ್ಲಿ ಓದಿದ್ದೇನೆ. ಸರಿಯಾದ ಕ್ರಮದಲ್ಲಿ ಎರಡು ಪದಗಳೂ ಒಂದೇ ಚಿಹ್ನೆಯಲ್ಲಿ ಸೇರಿಕೊಳ್ಳುತ್ತವೆ:

z = 0 ಆದಾಗ ∂V/∂z = 2kqd/(s² + d²)^(3/2)

σ = −qd / [2π (s² + d²)^(3/2)]

ವಿಭವದಲ್ಲಿ ಪರಸ್ಪರ ಕಳೆದುಹೋದ ಎರಡು ಪದಗಳು ಕ್ಷೇತ್ರದಲ್ಲಿ ಒಂದಕ್ಕೊಂದು ಕೂಡಿವೆ ಎಂಬುದನ್ನು ಗಮನಿಸಿ. ಆವೇಶವು ಫಲಕದ ಮೇಲಿನ ಬಿಂದುವಿನಲ್ಲಿ ಕ್ಷೇತ್ರವನ್ನು ಕೆಳಕ್ಕೆ ಮತ್ತು ಪಕ್ಕಕ್ಕೆ ತಳ್ಳುತ್ತದೆ, ಬಿಂಬವು ಕೆಳಕ್ಕೆ ಮತ್ತು ಎದುರು ಪಕ್ಕಕ್ಕೆ ಎಳೆಯುತ್ತದೆ. ಪಕ್ಕದ ಭಾಗಗಳು ಕಳೆದುಹೋಗಿ, ಕೆಳಮುಖದ ಭಾಗಗಳು ಸೇರಿ ಎರಡರಷ್ಟಾಗುತ್ತವೆ. ಫಲಕವನ್ನು ಕ್ಷೇತ್ರವು ಎಲ್ಲೆಡೆ ಲಂಬವಾಗಿಯೇ ಮುಟ್ಟುವುದಕ್ಕೆ ಕಾರಣ ಇದೇ.

ನಮ್ಮ ಉದಾಹರಣೆಯಲ್ಲಿ ಆವೇಶದ ನೇರ ಕೆಳಗೆ σ = −q/(2πd²) = −6.4 × 10⁻⁷ C/m². ಅಲ್ಲಿನ ಕ್ಷೇತ್ರ σ/ε₀, ಅಂದರೆ ಮೀಟರಿಗೆ ಸುಮಾರು 72,000 ವೋಲ್ಟ್. ಇದನ್ನು ಇನ್ನೊಂದು ದಾರಿಯಿಂದ ಪರೀಕ್ಷಿಸಬಹುದು: q ಒಂದರಿಂದಲೇ 5 ಸೆಂ.ಮೀ. ದೂರದಲ್ಲಿ kq/d² = 36,000 V/m, ಬಿಂಬದಿಂದ ಇನ್ನೊಂದು ಅಷ್ಟೇ. ಎರಡು ದಾರಿಗಳೂ ಒಂದೇ ಬೆಲೆಗೆ ಬಂದು ಸೇರಬೇಕು. 12 ಸೆಂ.ಮೀ. ಆಚೆಗೆ ಹೋದರೆ ಸಾಂದ್ರತೆ (5/13)³ ಪಟ್ಟು, ಅಂದರೆ ನಡುವಿನ ಬೆಲೆಯ ಶೇ. 6ಕ್ಕಿಂತ ಸ್ವಲ್ಪ ಕಡಿಮೆ.

## ಹಂತ 6: ಒಟ್ಟು ಪ್ರೇರಿತ ಆವೇಶವನ್ನು ಕೂಡಿಸಿ ನೋಡಿ

ತ್ರಿಜ್ಯ s, ಅಗಲ ds ಇರುವ ಬಳೆಯಾಕಾರದ ಪಟ್ಟಿಯ ವಿಸ್ತೀರ್ಣ 2πs ds. ಇದರಿಂದ σ ಅನ್ನು ಗುಣಿಸಿ, ನಡುವಿನಿಂದ R ತ್ರಿಜ್ಯದವರೆಗೆ ಅನುಕಲನ ಮಾಡಿದರೆ,

Q(R) = −q [ 1 − d/√(R² + d²) ]

R ಅನಂತಕ್ಕೆ ಹೋದಾಗ Q = −q. ಬಿಂಬದ ಆವೇಶವೂ −q ಆಗಿರುವುದು ಕಾಕತಾಳೀಯವಲ್ಲ. q ಇಂದ ಹೊರಟ ಎಲ್ಲ ಕ್ಷೇತ್ರರೇಖೆಗಳೂ ಫಲಕದಲ್ಲೇ ಕೊನೆಗೊಳ್ಳುತ್ತವೆ.

ಈ ಹಂತದಲ್ಲಿ ಸೂತ್ರದಿಂದ ಮಾಡುವವರು ಎಡವುವುದು ಕಡಿಮೆ, ಕಂಪ್ಯೂಟರಿನಲ್ಲಿ ಕೂಡಿಸುವವರು ಎಡವುವುದು ಹೆಚ್ಚು. ಒಬ್ಬ ವಿದ್ಯಾರ್ಥಿನಿ ಒಮ್ಮೆ R ಅನ್ನು d ಯ ಹತ್ತು ಪಟ್ಟು ತೆಗೆದುಕೊಂಡು, "ಸರ್, ಶೇ. 10ರಷ್ಟು ಆವೇಶ ಎಲ್ಲೋ ಕಳೆದುಹೋಗಿದೆ, ಪ್ರೋಗ್ರಾಮಿನಲ್ಲಿ ತಪ್ಪು ಸಿಗುತ್ತಿಲ್ಲ" ಎಂದು ಒಂದು ಮಧ್ಯಾಹ್ನವಿಡೀ ಹುಡುಕಿದ್ದಳು. ಪ್ರೋಗ್ರಾಮಿನಲ್ಲಿ ತಪ್ಪೇನೂ ಇರಲಿಲ್ಲ. ಮೇಲಿನ ಸೂತ್ರದಲ್ಲಿ R = 10d ಹಾಕಿದರೆ ಸಿಗುವುದು 1 − 1/√101 = 0.90. ಪ್ರೇರಿತ ಆವೇಶವು ನಡುವಿನಲ್ಲಿ ದಟ್ಟವಾಗಿದ್ದರೂ ಅದರ ಬಾಲ ಬಹಳ ಉದ್ದ: ಅರ್ಧದಷ್ಟು ಆವೇಶ √3 d ಒಳಗೆ, ಅಂದರೆ ನಮ್ಮ ಉದಾಹರಣೆಯಲ್ಲಿ 8.7 ಸೆಂ.ಮೀ. ಒಳಗೆ ಇದ್ದರೂ, ಶೇ. 99 ಸಿಗಬೇಕಾದರೆ 100d, ಅಂದರೆ 5 ಮೀಟರ್ ವರೆಗೆ ಹೋಗಬೇಕು. ನೀವೂ ಪರೀಕ್ಷಿಸಿಕೊಳ್ಳಲು:

```python
from math import pi
q, d = 10e-9, 0.05
R, N = 10*d, 100000
h = R/N
Q = 0.0
for i in range(N):
    s = (i + 0.5)*h
    Q += -q*d/(2*pi*(s*s + d*d)**1.5) * 2*pi*s*h
print(Q/q)
```

ಇದು ಸುಮಾರು −0.90 ಎಂದು ತೋರಿಸಬೇಕು. R ಬೆಲೆಯನ್ನು 12 ಸೆಂ.ಮೀ. ಮಾಡಿದರೆ −8/13, ಅಂದರೆ −0.615 ಬರಬೇಕು. ಬರದಿದ್ದರೆ 2πs ಎಂಬ ಗುಣಕವನ್ನು ಮರೆತಿದ್ದೀರಿ.

## ಹಂತ 7: ಆವೇಶದ ಮೇಲಿನ ಬಲ

ನಮ್ಮ ಬದಿಯಲ್ಲಿ ಕ್ಷೇತ್ರವು ಬಿಂಬವಿದ್ದಂತೆಯೇ ಇರುವುದರಿಂದ, q ಮೇಲಿನ ಬಲವೂ ಬಿಂಬವು ಎಳೆದಂತೆಯೇ ಇರುತ್ತದೆ:

F = −kq²/(2d)² = −kq²/(4d²), ಫಲಕದ ಕಡೆಗೆ.

ಇಲ್ಲಿ ದೂರ 2d. ಛೇದದಲ್ಲಿ d² ಬರೆದರೆ ಬಲ ನಾಲ್ಕು ಪಟ್ಟಾಗುತ್ತದೆ, 2d² ಬರೆದರೆ ಎರಡು ಪಟ್ಟಾಗುತ್ತದೆ. ಉದಾಹರಣೆಯಲ್ಲಿ F ನ ಗಾತ್ರ 8.99 × 10⁻⁵ N. ಸುಮಾರು 9 ಮಿಲಿಗ್ರಾಂ ವಸ್ತುವಿನ ತೂಕದಷ್ಟು.

"ಇಲ್ಲದ ಆವೇಶ ಎಳೆಯುವುದು ಹೇಗೆ?" ಎಂದು ತರಗತಿಯಲ್ಲಿ ಯಾರಾದರೂ ಕೇಳಿದರೆ ನನಗೆ ಸಂತೋಷವಾಗುತ್ತದೆ, ಏಕೆಂದರೆ ಅದು ಸರಿಯಾದ ಅನುಮಾನ. ಎಳೆಯುವುದು ಬಿಂಬವಲ್ಲ, ಫಲಕದ ಮೇಲೆ ಹರಡಿರುವ ಪ್ರೇರಿತ ಆವೇಶ. ಐದನೆಯ ಹಂತದ σ ಅನ್ನು ತೆಗೆದುಕೊಂಡು ಪ್ರತಿ ಪಟ್ಟಿಯ ಎಳೆತದ ಲಂಬ ಭಾಗವನ್ನು ಕೂಡಿಸಿ ನೋಡಿ:

F = −kq²d² ∫ s ds/(s² + d²)³, s = 0 ಇಂದ ∞ ವರೆಗೆ

ಅನುಕಲನದ ಬೆಲೆ 1/(4d⁴). ಆದ್ದರಿಂದ F = −kq²/(4d²). ಬಿಂಬವನ್ನು ಒಮ್ಮೆಯೂ ಹೆಸರಿಸದೆ ಅದೇ ಉತ್ತರಕ್ಕೆ ಬಂದೆವು. ಬಿಂಬ ವಿಧಾನದ ಮೇಲೆ ನಂಬಿಕೆ ಕುದುರದವರು ಈ ಒಂದು ಅನುಕಲನವನ್ನು ಕೈಯಾರೆ ಮಾಡಲಿ. ಐದು ನಿಮಿಷದ ಕೆಲಸ.

## ಹಂತ 8: ಶಕ್ತಿ, ಮತ್ತು ಆ ಅರ್ಧ

ಎರಡು ನಿಜವಾದ ಆವೇಶಗಳು 2d ದೂರದಲ್ಲಿದ್ದರೆ ಅವುಗಳ ಶಕ್ತಿ −kq²/(2d). ಉತ್ತರಪತ್ರಿಕೆಗಳಲ್ಲಿ ಕಾಣುವುದು ಇದೇ. ಫಲಕ ಮತ್ತು ಆವೇಶದ ವ್ಯವಸ್ಥೆಯ ಶಕ್ತಿ ಅದರ ಅರ್ಧ:

W = −kq²/(4d)

ಉದಾಹರಣೆಯಲ್ಲಿ ಇದು −4.5 ಮೈಕ್ರೊಜೂಲ್, ತಪ್ಪು ಉತ್ತರ −9 ಮೈಕ್ರೊಜೂಲ್. ಈ ಅರ್ಧವನ್ನು ಬಾಯಿಪಾಠ ಮಾಡಿದವರು ಪರೀಕ್ಷೆಯ ದಿನ ಅದನ್ನು ಬಲಕ್ಕೂ ಹಾಕಿಬಿಡುತ್ತಾರೆ. ಆದ್ದರಿಂದ ಅದು ಎಲ್ಲಿಂದ ಬಂತು ಎಂಬುದನ್ನು ನೋಡಲೇಬೇಕು.

ಬಣ್ಣದ ಪೆನ್ನುಗಳಿಗೆ ಹಿಂದಿರುಗಿ. ಶಕ್ತಿಯೆಂದರೆ ಪ್ರತಿಯೊಂದು ಆವೇಶವನ್ನೂ ಅದಿರುವ ಜಾಗದಲ್ಲಿ ಉಳಿದ ಆವೇಶಗಳಿಂದಾದ ವಿಭವದಿಂದ ಗುಣಿಸಿ, ಕೂಡಿಸಿ, ಅರ್ಧ ಮಾಡಿದ್ದು. ಈ ಕೂಡುವಿಕೆಯಲ್ಲಿ ಮೊದಲ ಬಣ್ಣದ, ಅಂದರೆ ನಿಜವಾಗಿ ಇರುವ, ಆವೇಶಗಳಿಗೆ ಮಾತ್ರ ಸ್ಥಾನವಿದೆ. q ಇರುವಲ್ಲಿ ಫಲಕದ ಆವೇಶದಿಂದಾದ ವಿಭವ −kq/(2d); ಅದರಿಂದ ಬರುವ ಪಾಲು ½ × q × (−kq/2d) = −kq²/(4d). ಇನ್ನು ಉಳಿದದ್ದು ಫಲಕದ ಮೇಲಿನ ಪ್ರೇರಿತ ಆವೇಶ. ಅದು ಇರುವ ಜಾಗದ ವಿಭವ ಸೊನ್ನೆ, ಆದ್ದರಿಂದ ಅದರ ಪಾಲೂ ಸೊನ್ನೆ. ಎರಡು ನಿಜವಾದ ಆವೇಶಗಳ ಲೆಕ್ಕದಲ್ಲಿ ಎರಡನೆಯ ಆವೇಶವೂ ಅಷ್ಟೇ ಪಾಲು ತರುತ್ತಿತ್ತು. ಇಲ್ಲಿ ಆ ಪಾಲು ತರುವವರು ಯಾರೂ ಇಲ್ಲ.

ಇದನ್ನೇ ಕೆಲಸದ ಕಡೆಯಿಂದಲೂ ನೋಡಬಹುದು. ಆವೇಶವನ್ನು ಅನಂತ ದೂರದಿಂದ ನಿಧಾನವಾಗಿ ತರುವಾಗ ಅದು z ಎತ್ತರದಲ್ಲಿದ್ದರೆ ಬಲ kq²/(4z²). ಇದನ್ನು z = ∞ ಇಂದ d ವರೆಗೆ ಅನುಕಲನ ಮಾಡಿದರೆ ನಾವು ಮಾಡಿದ ಕೆಲಸ −kq²/(4d). ನಾವು q ಅನ್ನು ಮಾತ್ರ ಸಾಗಿಸಿದೆವು. ಬಿಂಬವು ಎದುರು ಬದಿಯಿಂದ ತಾನೇ ನಡೆದುಬಂತು, ಅಂದರೆ ಪ್ರೇರಿತ ಆವೇಶವು ಸೊನ್ನೆ ವಿಭವದಲ್ಲಿರುವ ತಂತಿಯ ಮೂಲಕ ಯಾವ ಕೆಲಸವನ್ನೂ ಬೇಡದೆ ಬಂದು ಕೂತಿತು.

ಉತ್ತರ ಸರಿಯೇ ಎಂದು ತಿಳಿಯಲು ಒಂದು ಸಾಲಿನ ಪರೀಕ್ಷೆಯಿದೆ: W ಅನ್ನು d ಬಗ್ಗೆ ನಿಷ್ಪನ್ನ ತೆಗೆದು ಚಿಹ್ನೆ ಬದಲಿಸಿದರೆ ಏಳನೆಯ ಹಂತದ ಬಲ ಸಿಗಬೇಕು. −kq²/(4d) ಇಂದ −kq²/(4d²) ಸಿಗುತ್ತದೆ, ಸರಿ. −kq²/(2d) ಇಂದ −kq²/(2d²) ಸಿಗುತ್ತದೆ, ಅದು ಬಲದ ಎರಡರಷ್ಟು. ಅಲ್ಲಿಗೆ ತಪ್ಪು ಬಯಲಾಯಿತು. ಶಕ್ತಿಯನ್ನು ಬರೆದ ಮೇಲೆ ಈ ಪರೀಕ್ಷೆಯನ್ನು ಮಾಡದೆ ಹಾಳೆ ತಿರುವಬೇಡಿ.

## ಎಚ್ಚರಿಕೆ ಕೊಡುವ ಗುರುತುಗಳು

ಹೆಚ್ಚಿನವನ್ನು ಆಯಾ ಹಂತದಲ್ಲೇ ಹೇಳಿಯಾಗಿದೆ. ಇನ್ನೆರಡು ಉಳಿದಿವೆ. ನಮ್ಮ ಬದಿಯಲ್ಲಿ ಎರಡನೆಯ ನಿಜವಾದ ಆವೇಶವನ್ನು ತಂದಾಗ ಕೆಲವರು ಮೊದಲಿನ ಬಿಂಬವೊಂದನ್ನೇ ಉಳಿಸಿಕೊಳ್ಳುತ್ತಾರೆ. ಹೊಸ ಆವೇಶಕ್ಕೂ ಅದರದೇ ಬಿಂಬ ಬೇಕು. ಇಲ್ಲದಿದ್ದರೆ ಫಲಕದ ಮೇಲೆ ವಿಭವ ಸೊನ್ನೆಯಾಗಿ ಉಳಿಯುವುದಿಲ್ಲ, ಮತ್ತು ನಾಲ್ಕನೆಯ ಹಂತದ 5-12-13 ಪರೀಕ್ಷೆಯಂಥದ್ದೊಂದನ್ನು ಮಾಡಿದ ಕೂಡಲೇ ಅದು ಗೊತ್ತಾಗುತ್ತದೆ.

ಮತ್ತೊಂದು, ಫಲಕವನ್ನು ಸೊನ್ನೆಯ ಬದಲು V₀ ವಿಭವದಲ್ಲಿ ಇಟ್ಟಿದೆ ಎಂದು ಪ್ರಶ್ನೆಯಲ್ಲಿ ಹೇಳಿರುವುದು. ಆಗ ಬಿಂಬದ ಆವೇಶವನ್ನು ಹೆಚ್ಚುಕಡಿಮೆ ಮಾಡಲು ಹೋಗಬೇಡಿ. −q ಅನ್ನು ಬೇರೆ ಬೆಲೆಗೆ ಬದಲಿಸಿದರೆ ಫಲಕದ ಮೇಲಿನ ವಿಭವವು ಜಾಗದಿಂದ ಜಾಗಕ್ಕೆ ಬೇರೆಯಾಗುತ್ತದೆ, ಎಲ್ಲೆಡೆ ಒಂದೇ ಆಗುವುದಿಲ್ಲ. ಅಪರಿಮಿತ ಫಲಕಕ್ಕೆ ಸೂತ್ರದ ಕೊನೆಯಲ್ಲಿ V₀ ಎಂಬ ಸ್ಥಿರಾಂಕವನ್ನು ಸೇರಿಸಿದರೆ ಸಾಕು. ಆಗ ದೂರದಲ್ಲಿಯೂ ವಿಭವ V₀ ಆಗುತ್ತದೆ, ಕ್ಷೇತ್ರ ಮತ್ತು ಬಲ ಬದಲಾಗುವುದಿಲ್ಲ.

## ವಿಧಾನ ಎಲ್ಲಿ ನಿಲ್ಲುತ್ತದೆ

ನಿಜವಾದ ಫಲಕಕ್ಕೆ ಅಂಚುಗಳಿರುತ್ತವೆ. ಆರನೆಯ ಹಂತದ ಉದ್ದನೆಯ ಬಾಲವನ್ನು ನೆನೆದರೆ, ಪ್ರಯೋಗಶಾಲೆಯ ಒಂದು ಮೀಟರ್ ಅಗಲದ ತಟ್ಟೆಯ ಮುಂದೆ 5 ಸೆಂ.ಮೀ. ದೂರದಲ್ಲಿ ಆವೇಶವಿಟ್ಟರೂ ಒಟ್ಟು ಪ್ರೇರಿತ ಆವೇಶವು ಪೂರ್ತಿ −q ಆಗದು ಎಂದು ಊಹಿಸಬಹುದು. ಬಲದ ಲೆಕ್ಕ ಮಾತ್ರ ಅಲ್ಲಿ ಬಹಳ ಚೆನ್ನಾಗಿ ಹೊಂದುತ್ತದೆ, ಏಕೆಂದರೆ ಏಳನೆಯ ಹಂತದ ಅನುಕಲನದಲ್ಲಿ ದೂರದ ಪಟ್ಟಿಗಳ ಪಾಲು ಅತಿ ವೇಗವಾಗಿ ಕುಗ್ಗುತ್ತದೆ. ಇನ್ನೊಂದು ತುದಿಯಲ್ಲಿ, ಲೋಹದಿಂದ 1 ನ್ಯಾನೊಮೀಟರ್ ದೂರದಲ್ಲಿರುವ ಎಲೆಕ್ಟ್ರಾನಿಗೆ ಇದೇ ಸೂತ್ರ −0.36 eV ಶಕ್ತಿಯನ್ನು ಕೊಡುತ್ತದೆ. ಆದರೆ d ಸೊನ್ನೆಯಾಗುತ್ತ ಹೋದಂತೆ ಅದು −∞ ಕಡೆಗೆ ಓಡುತ್ತದೆ. ಲೋಹದ ಮೇಲ್ಮೈಯನ್ನು ನಯವಾದ ಸಮತಲ ಎಂದು ನೋಡುವುದು ಪರಮಾಣುವಿನ ಅಳತೆಗೆ ಇಳಿದಾಗ ಸಲ್ಲದು ಎಂಬುದರ ಗುರುತು ಅದು.

ಎರಡು ಭೂಸಂಪರ್ಕಿತ ಫಲಕಗಳು ಮೂಲೆಯಾಗಿ ಸೇರಿರುವ ಪ್ರಶ್ನೆಗೆ ಇದೇ ವಿಧಾನವನ್ನು ಹಿಗ್ಗಿಸುವುದುಂಟು. ನಡುವಿನ ಕೋನ 90° ಇದ್ದರೆ ಮೂರು ಬಿಂಬಗಳು, 60° ಇದ್ದರೆ ಐದು. ಇದನ್ನು ಕಂಡು 120°ಗೂ ಪ್ರಯತ್ನಿಸುವವರಿದ್ದಾರೆ. ಏನಾಗುತ್ತದೆ ಎಂದು ನೋಡೋಣ. ಫಲಕಗಳು 0° ಮತ್ತು 120° ದಿಕ್ಕಿನಲ್ಲಿರಲಿ, ಆವೇಶ 40° ದಿಕ್ಕಿನಲ್ಲಿರಲಿ. ಎರಡನೆಯ ಫಲಕದಲ್ಲಿ ಅದರ ಬಿಂಬ 200° ದಿಕ್ಕಿನಲ್ಲಿ −q ಆಗಿ ಬೀಳುತ್ತದೆ. ಮೊದಲ ಫಲಕದಲ್ಲಿ ಅದರ ಬಿಂಬ −40° ದಿಕ್ಕಿನಲ್ಲಿ −q. ಇದರ ಬಿಂಬ ಎರಡನೆಯ ಫಲಕದಲ್ಲಿ 280° ದಿಕ್ಕಿನಲ್ಲಿ +q. ಅದನ್ನು ಮತ್ತೆ ಮೊದಲ ಫಲಕದಲ್ಲಿ ಪ್ರತಿಫಲಿಸಿದರೆ −280°, ಅಂದರೆ 80° ದಿಕ್ಕಿನಲ್ಲಿ −q. ಆ 80° ಎರಡು ಫಲಕಗಳ ನಡುವೆಯೇ, ನಮ್ಮ ಬದಿಯಲ್ಲೇ ಇದೆ. ಅಲ್ಲಿ ಅಂತಹ ಆವೇಶವಿಲ್ಲ. ಎರಡನೆಯ ಹಂತದ ಮೊದಲ ಷರತ್ತು ಮುರಿಯಿತು, ಈ ಕೋನಕ್ಕೆ ಬೇರೆ ವಿಧಾನವನ್ನೇ ಹುಡುಕಬೇಕು.